ಪ್ರಯಾಣ ಆದ್ಮೇಲೆ ಸ್ಮಾರ್ಟ್‌ವಾಚ್ ತಪ್ಪು ಟೈಮ್ ತೋರಿಸ್ತಿದ್ಯಾ? ಗಂಟೆ ತಿರುಗಿಸೋಕೆ ಮುಂಚೆ ಇದನ್ನ ಓದಿ

"ಫ್ಲೈಟ್ ಇಳಿದು ಒಂದು ದಿನ ಆಯ್ತು, ವಾಚ್ ಇನ್ನೂ ಹಳೇ ಊರಿನ ಟೈಮೇ ತೋರಿಸ್ತಿದೆ." "ಟೈಮ್ ಸರಿಯಾಗಿದೆ, ತಾರೀಖು ಮಾತ್ರ ಒಂದು ದಿನ ಮುಂದಿದೆ." "ನಾನೇ ಕೈಯಲ್ಲಿ ಸರಿ ಮಾಡಿದ್ದೆ, ಸಂಜೆ ಹೊತ್ತಿಗೆ ಮತ್ತೆ ಕೆಟ್ಟೋಯ್ತು." ಈ ಮೂರು ಪ್ರಶ್ನೆ ತಿರುಗಾಮುರುಗಾ ಬರ್ತಾನೇ ಇರತ್ತೆ, ಮೂರಕ್ಕೂ ಬೇರು ಒಂದೇ, ಅದಕ್ಕೆ ಒಂದೇ ಕಡೆ ಪೂರ್ತಿ ಬರೀತಿದೀನಿ.

ಬೇಕಾಗಿರೋದು ಹೆಚ್ಚೇನಿಲ್ಲ. ವಾಚು, ಅದಕ್ಕೆ ಜೋಡಿಸಿರೋ ಫೋನು, ಎರಡರಲ್ಲೂ ಸ್ವಲ್ಪ ಚಾರ್ಜು, ಫೋನಿಗೆ ಇಂಟರ್ನೆಟ್ಟು, ಆಮೇಲೆ ನೀವಿರೋ ಜಾಗದ ನಿಜವಾದ ಟೈಮ್ ಎಷ್ಟು ಅಂತ ತೋರಿಸೋ ಬೇರೆ ಒಂದು ಗಡಿಯಾರ. ಹೋಟೆಲ್ ಗೋಡೆ ಗಡಿಯಾರ ಆದ್ರೂ ನಡಿಯತ್ತೆ, ಪಕ್ಕದವರನ್ನ ಕೇಳಿದ್ರೂ ನಡಿಯತ್ತೆ.

ಟೈಮ್ ಬೇರೆ, ಝೋನ್ ಬೇರೆ

ಇಷ್ಟು ಅರ್ಥ ಆದ್ರೆ ಮುಂದಿನದೆಲ್ಲ ಸುಲಭ, ಅದಕ್ಕೆ ಇಲ್ಲಿ ಸ್ವಲ್ಪ ನಿಧಾನವಾಗಿ ಓದಿ. ಫೋನ್ ಮತ್ತು ವಾಚ್ ಒಳಗಡೆ ಓಡ್ತಿರೋದು ನೀವಿರೋ ಊರಿನ ಟೈಮ್ ಅಲ್ಲ, ಯುಟಿಸಿ ಅನ್ನೋ ಟೈಮು, ಅಂದ್ರೆ ಇಡೀ ಪ್ರಪಂಚಕ್ಕೆ ಒಂದೇ ಆಗಿರೋ ಗಡಿಯಾರ. ಟೋಕಿಯೋದಲ್ಲಿರೋ ಫೋನಲ್ಲೂ ಲಂಡನ್‌ನಲ್ಲಿರೋ ಫೋನಲ್ಲೂ ಈ ಕ್ಷಣಕ್ಕೆ ಯುಟಿಸಿ ಒಂದೇ ಇರತ್ತೆ. ಅದರ ಜೊತೆಗೆ ಇನ್ನೊಂದು ವಿಷಯ ಬೇರೆಯಾಗಿ ಬರ್ಕೊಂಡಿರತ್ತೆ, ಅದೇ ಟೈಮ್ ಝೋನ್, ಅಂದ್ರೆ ಯುಟಿಸಿಗೆ ಎಷ್ಟು ಗಂಟೆ ಕೂಡಿಸ್ಬೇಕು ಇಲ್ಲಾ ಕಳೀಬೇಕು ಅನ್ನೋ ಲೆಕ್ಕ. ಟೋಕಿಯೋಗೆ 9 ಗಂಟೆ ಕೂಡಿಸ್ಬೇಕು, ಹೊನೊಲುಲುಗೆ 10 ಗಂಟೆ ಕಳೀಬೇಕು. ಈ ಲೆಕ್ಕ ಮುಗಿದ್ಮೇಲೆ ಬರೋದನ್ನೇ ನಾವು ಸ್ಕ್ರೀನ್ ಮೇಲೆ ನೋಡೋದು.

ಹಾಗಾಗಿ ನೀವು ಪ್ರಯಾಣ ಮಾಡ್ದಾಗ ಬದಲಾಗ್ಬೇಕಾಗಿರೋದು ಝೋನ್ ಒಂದೇ, ಒಳಗಿನ ಯುಟಿಸಿ ಮೊದಲೂ ಸರಿ ಇತ್ತು ಈಗಲೂ ಸರಿ ಇದೆ. ಜನ ಮಾಡೋದು ಉಲ್ಟಾ. ಝೋನ್ ಹಾಗೇ ಬಿಟ್ಟು ಗಂಟೆ ತಿರುಗಿಸ್ತಾರೆ, ಸ್ಕ್ರೀನ್ ಮೇಲೆ ಸರಿಯಾಗಿ ಕಾಣತ್ತೆ, ಸರಿ ಇದ್ದ ಯುಟಿಸಿ ಮಾತ್ರ ಒಳಗೆ ಕೆಟ್ಟು ಕೂತಿರತ್ತೆ.

ಲೆಕ್ಕ ಹಾಕಿ ನೋಡೋಣ. ಒಬ್ಬರು 10ನೇ ತಾರೀಖು ರಾತ್ರಿ 9ಕ್ಕೆ ಟೋಕಿಯೋ ಬಿಟ್ರು, 7 ಗಂಟೆ ಹಾರಿ ಹೊನೊಲುಲುನಲ್ಲಿ ಇಳಿದ್ರು ಅಂತಿಟ್ಕೊಳ್ಳಿ. ಇಳಿದಾಗ ಅಲ್ಲಿ ಅದೇ 10ನೇ ತಾರೀಖು ಬೆಳಗ್ಗೆ 9 ಗಂಟೆ. ಹೌದು, ಹೊರಟಿದ್ದಕ್ಕಿಂತ 12 ಗಂಟೆ ಹಿಂದೆ, ಯಾಕಂದ್ರೆ ಮಧ್ಯದಲ್ಲಿ ಅಂತರರಾಷ್ಟ್ರೀಯ ದಿನಾಂಕ ರೇಖೆ ದಾಟಿದಾರೆ, ಪೆಸಿಫಿಕ್ ಸಾಗರದ ಮಧ್ಯೆ ಹೋಗೋ ಈ ಕಾಲ್ಪನಿಕ ಗೆರೆ ದಾಟಿದ್ರೆ ತಾರೀಖು ಒಂದು ದಿನ ಆಚೀಚೆ ಆಗತ್ತೆ. ಫೋನೂ ವಾಚೂ ಟೋಕಿಯೋ ಝೋನ್‌ನಲ್ಲೇ ಇರೋದ್ರಿಂದ 11ನೇ ತಾರೀಖು ಬೆಳಗಿನ ಜಾವ 4 ಅಂತ ತೋರಿಸ್ತಿದೆ. ಅವರಿಗೆ ತಾಳ್ಮೆ ಇಲ್ಲ, ಫೋನಲ್ಲಿ ಆಟೋಮ್ಯಾಟಿಕ್ ಟೈಮ್ ಆಫ್ ಮಾಡಿ 10ನೇ ತಾರೀಖು, ಬೆಳಗ್ಗೆ 9 ಅಂತ ಕೈಯಲ್ಲೇ ಹಾಕಿದ್ರು. ವಾಚೂ ಅದನ್ನೇ ತೋರಿಸ್ತು, ಎಲ್ಲ ಸರಿ ಹೋಯ್ತು ಅಂದ್ಕೊಂಡ್ರು.

ಆದ್ರೆ ಝೋನ್ ಇನ್ನೂ ಟೋಕಿಯೋನೇ. ಫೋನ್ ಏನು ಅಂದ್ಕೊಳ್ಳತ್ತೆ? "ಟೋಕಿಯೋದಲ್ಲಿ 10ನೇ ತಾರೀಖು ಬೆಳಗ್ಗೆ 9, ಅದರಲ್ಲಿ 9 ಗಂಟೆ ಕಳೆದ್ರೆ ಯುಟಿಸಿ 10ನೇ ತಾರೀಖು ಮಧ್ಯರಾತ್ರಿ 12." ನಿಜವಾದ ಯುಟಿಸಿ ಆ ಹೊತ್ತಿಗೆ 10ನೇ ತಾರೀಖು ಸಂಜೆ 7. ಫೋನ್ ಈಗ 19 ಗಂಟೆ ಹಿಂದೆ ಬದುಕ್ತಿದೆ. ಸ್ವಲ್ಪ ಹೊತ್ತಿಗೆ ನೆಟ್‌ವರ್ಕ್ ಸಿಕ್ತು, ಆಟೋಮ್ಯಾಟಿಕ್ ಝೋನ್ ಆನ್ ಇದ್ದಿದ್ರಿಂದ ಫೋನ್ ತಾನೇ ಹೊನೊಲುಲು ಝೋನ್ ಹಾಕ್ಕೊಂಡು, ತನ್ನ ತಪ್ಪು ಯುಟಿಸಿಯಿಂದ 10 ಗಂಟೆ ಕಳೀತು. ಬೆಳಗ್ಗೆ 9 ಅಂತಿದ್ದ ಟೈಮು ಒಂದೇ ಏಟಿಗೆ 9ನೇ ತಾರೀಖು ಮಧ್ಯಾಹ್ನ 2ಕ್ಕೆ ಹಾರ್ತು, ಅಂದ್ರೆ ಅವರು ಟೋಕಿಯೋ ಬಿಡೋಕಿಂತ ಮುಂಚಿನ ದಿನಕ್ಕೆ. "ಸರಿ ಮಾಡಿದ್ದೆ, ಮತ್ತೆ ಕೆಟ್ಟೋಯ್ತು" ಅನ್ನೋ ದೂರಿನ ಹಿಂದೆ ಹೆಚ್ಚಿನ ಸಲ ಇರೋದು ಇದೇ ಕಥೆ, ವಾಚಿನದು ಏನೂ ತಪ್ಪಿಲ್ಲ ಪಾಪ.

ಟೈಮ್ ತಪ್ಪು ಕಾಣೋದಷ್ಟೇ ಆಗಿದ್ರೆ ಪರವಾಗಿಲ್ಲ ಅನ್ಬೋದಿತ್ತು. ಯುಟಿಸಿ ಕೆಟ್ರೆ ಬ್ರೌಸರ್‌ನಲ್ಲಿ ವೆಬ್‌ಸೈಟ್ ತೆಗೆಯೋಕೆ ಹೋದ್ರೆ ಸರ್ಟಿಫಿಕೇಟ್ ಎಕ್ಸ್‌ಪೈರ್ ಆಗಿದೆ ಅಂತಲೋ, ನಿಮ್ಮ ಗಡಿಯಾರ ಹಿಂದಿದೆ ಅಂತಲೋ ಎಚ್ಚರಿಕೆ ಬರ್ಬೋದು. ಲಾಗಿನ್‌ಗೆ ಆಥೆಂಟಿಕೇಟರ್ ಆಪ್ ಬಳಸೋರಿಗೆ ಇನ್ನೂ ಕಷ್ಟ, ಆ ಕೋಡ್‌ಗಳು ಸಾಮಾನ್ಯವಾಗಿ 30 ಸೆಕೆಂಡಿಗೆ ಒಂದ್ಸಲ ಯುಟಿಸಿ ಲೆಕ್ಕದಲ್ಲೇ ಬದಲಾಗೋದ್ರಿಂದ ಸರಿಯಾದ ಕೋಡೇ ಬರಲ್ಲ, ಪರದೇಶದಲ್ಲಿ ಅಕೌಂಟ್ ಹೊರಗೆ ನಿಲ್ಬೇಕಾಗತ್ತೆ.

ಈಗ ಹಂತಗಳಿಗೆ ಬರೋಣ.

1. ಏನೂ ಮುಟ್ಟದೆ, ಎಷ್ಟು ತಪ್ಪಿದೆ ಅಂತ ನೋಡಿ

ವಾಚಿನ ಟೈಮು, ನಿಜವಾದ ಟೈಮು, ಎರಡನ್ನೂ ತಾರೀಖಿನ ಜೊತೆ ಒಂದು ಕಡೆ ಬರ್ಕೊಳ್ಳಿ. ವ್ಯತ್ಯಾಸ ಎಷ್ಟು ಅನ್ನೋದೇ ರೋಗ ಯಾವುದು ಅಂತ ಹೇಳತ್ತೆ.

ನಿಮಿಷದ ಮುಳ್ಳು ಸರಿ ಇದ್ದು ಪೂರಾ ಗಂಟೆಗಳ ಲೆಕ್ಕದಲ್ಲಿ ತಪ್ಪಿದ್ರೆ ಅದು ಝೋನ್ ಸಮಸ್ಯೆ. ಅರ್ಧ ಗಂಟೆ, ಮುಕ್ಕಾಲು ಗಂಟೆ ಬಾಲ ಬಂದ್ರೂ ಝೋನೇ, ಯಾಕಂದ್ರೆ ಭಾರತ ಯುಟಿಸಿಗಿಂತ 5 ಗಂಟೆ 30 ನಿಮಿಷ ಮುಂದೆ, ನೇಪಾಳ 5 ಗಂಟೆ 45 ನಿಮಿಷ ಮುಂದೆ. ಸರಿಯಾಗಿ ಒಂದೇ ಗಂಟೆ ತಪ್ಪಿದ್ರೆ ಡೇಲೈಟ್ ಸೇವಿಂಗ್ ಮೇಲೆ ಅನುಮಾನ ಪಡಿ, ಅಂದ್ರೆ ಕೆಲವು ದೇಶಗಳು ಬೇಸಿಗೆಯಲ್ಲಿ ಗಡಿಯಾರನ ಒಂದು ಗಂಟೆ ಮುಂದಕ್ಕೆ ಇಟ್ಕೊಳ್ಳೋ ಪದ್ಧತಿ. ಸರಿಯಾಗಿ 12 ಗಂಟೆ ಅಥವಾ 24 ಗಂಟೆ ತಪ್ಪಿದ್ರೆ ಯಾರೋ ಕೈಯಲ್ಲಿ ಸೆಟ್ ಮಾಡುವಾಗ ಎಎಂ-ಪಿಎಂ ಇಲ್ಲಾ ತಾರೀಖು ಅದಲುಬದಲು ಮಾಡಿರೋ ಸಾಧ್ಯತೆನೇ ಜಾಸ್ತಿ.

ಮೂರು ನಿಮಿಷ, ಏಳು ನಿಮಿಷ ಅಂತ ಚಿಲ್ಲರೆ ತಪ್ಪಿದ್ರೆ ಅದಕ್ಕೂ ಝೋನಿಗೂ ಸಂಬಂಧ ಇಲ್ಲ, ವಾಚು ಬಹಳ ದಿನದಿಂದ ಫೋನ್ ಜೊತೆ ಸಿಂಕ್ ಆಗಿಲ್ಲ ಅಂತ ಅರ್ಥ. ಆಪಲ್ ವಾಚ್ ಆದ್ರೆ ಇನ್ನೊಂದು ಕಾರಣ ಇದೆ: ಅದರ Settings ಒಳಗೆ Clock ಅಂತ ಇದ್ಯಲ್ಲ, ಅಲ್ಲಿ ಡಯಲ್‌ನ 59 ನಿಮಿಷದ ತನಕ ಬೇಕಂತಲೇ ಮುಂದೆ ಇಟ್ಕೊಳ್ಬೋದು, ತಡ ಆಗ್ಬಾರ್ದು ಅಂತ ಯಾವಾಗ್ಲೋ ಇಟ್ಟು ಮರೆತಿರೋರು ತುಂಬ ಜನ. ಅಲಾರಂ ಮಾತ್ರ ನಿಜವಾದ ಟೈಮಿಗೇ ಹೊಡಿಯತ್ತೆ.

ಇನ್ನು ಇಸವಿನೇ 1970 ಅಂತಲೋ 2000 ಅಂತಲೋ ಬಂದಿದ್ರೆ ಬ್ಯಾಟರಿ ಪೂರ್ತಿ ಖಾಲಿಯಾಗಿ ಗಡಿಯಾರ ಮೊದಲಿಂದ ಶುರುವಾಗಿದೆ ಅಷ್ಟೇ, ಚಾರ್ಜ್ ಮಾಡಿ ಒಂದು ಸಿಂಕ್ ಕೊಡಿ.

2. ಫೋನ್ ಏನು ತೋರಿಸ್ತಿದೆ ನೋಡಿ

ಸುಮಾರು ವಾಚುಗಳು ಟೈಮನ್ನೂ ಝೋನನ್ನೂ ಫೋನಿಂದಲೇ ತಗೊಳ್ಳತ್ತೆ. ಫೋನೇ ತಪ್ಪಿದ್ರೆ ವಾಚ್ ಹಿಡ್ಕೊಂಡು ಒದ್ದಾಡಿ ಪ್ರಯೋಜನ ಇಲ್ಲ, 3ನೇ ಹಂತಕ್ಕೆ ಹೋಗಿ. ಫೋನ್ ಸರಿ ಇದ್ದು ವಾಚ್ ಮಾತ್ರ ತಪ್ಪಿದ್ರೆ ನೇರವಾಗಿ 4ಕ್ಕೆ.

ಹಾಂ, ಒಂದು ವಿಷಯ. ಟೈಮ್ ಸರಿ ಕಂಡ್ರೆ ಸಾಲದು, ಸೆಟ್ಟಿಂಗ್ಸ್‌ನಲ್ಲಿ ಝೋನ್ ಹೆಸರು ಕೂಡ ಓದಿ. ನೀವು ಹೊನೊಲುಲುನಲ್ಲಿದ್ದು ಅಲ್ಲಿ ಟೋಕಿಯೋ ಅಂತಿದ್ರೆ ಮೇಲೆ ಹೇಳಿದ ಕಥೆ ನಿಮ್ಮ ಫೋನಲ್ಲೇ ನಡೀತಿದೆ.

3. ಫೋನನ್ನ ಸರಿ ಮಾಡಿ

ಐಫೋನ್‌ನಲ್ಲಿ Settings > General > Date & Time ಒಳಗೆ Set Automatically ಆನ್ ಮಾಡಿ. ಆಂಡ್ರಾಯ್ಡ್‌ನಲ್ಲಿ ಹೆಚ್ಚಿನದರಲ್ಲಿ Settings > System > Date & time, ಸ್ಯಾಮ್‌ಸಂಗ್ ಆದ್ರೆ Settings > General management > Date and time. ಆಂಡ್ರಾಯ್ಡ್‌ನಲ್ಲಿ ಸಾಮಾನ್ಯವಾಗಿ ಎರಡು ಬೇರೆ ಬೇರೆ ಸ್ವಿಚ್ ಇರತ್ತೆ, ಒಂದು ಟೈಮ್‌ಗೆ, ಇನ್ನೊಂದು ಝೋನ್‌ಗೆ, ಪದಗಳು ಕಂಪನಿಯಿಂದ ಕಂಪನಿಗೆ ಸ್ವಲ್ಪ ಆಚೀಚೆ. ಎರಡೂ ಆನ್ ಆಗಿರ್ಬೇಕು. ಒಂದು ಆನ್ ಒಂದು ಆಫ್ ಇದ್ದಾಗಲೇ ಎಡವಟ್ಟು ಜಾಸ್ತಿ.

ಆನ್ ಇದೆ ಆದ್ರೂ ಹಳೇ ಊರೇ ತೋರಿಸ್ತಿದೆ ಅನ್ನೋರು ಇದನ್ನ ಗಮನಿಸಿ. ಫೋನಿಗೆ ಹೊಸ ಝೋನ್ ಗೊತ್ತಾಗೋಕೆ ಮುಖ್ಯವಾಗಿ ಎರಡು ದಾರಿ, ಒಂದು ಮೊಬೈಲ್ ಟವರ್, ಇನ್ನೊಂದು ಲೊಕೇಶನ್. ಫೋನ್ ಅಲ್ಲಿನ ನೆಟ್‌ವರ್ಕಿಗೆ ಸೇರ್ಕೊಂಡಾಗ ಎಷ್ಟೋ ಕಂಪನಿಗಳ ಟವರ್ "ಇಲ್ಲಿನ ಟೈಮ್ ಇಷ್ಟು, ಝೋನ್ ಇದು" ಅಂತ ತಾನೇ ಕಳಿಸತ್ತೆ. ಆದ್ರೆ ನೀವು ರೋಮಿಂಗ್ ದುಡ್ಡು ಉಳಿಸೋಕೆ ಸಿಮ್ಮನ್ನೇ ಆಫ್ ಮಾಡಿದ್ರೆ ಇಲ್ಲಾ ಏರ್‌ಪ್ಲೇನ್ ಮೋಡ್‌ನಲ್ಲೇ ಇಟ್ಟು ಬರೀ ವೈಫೈ ಹಾಕ್ಕೊಂಡ್ರೆ ಟವರ್‌ನಿಂದ ಏನೂ ಬರಲ್ಲ. "ಇಂಟರ್ನೆಟ್ ಇದ್ಯಲ್ಲ, ಅದರಿಂದ ಗೊತ್ತಾಗಲ್ವಾ" ಅಂತ ಕೇಳ್ತಾರೆ. ಇಂಟರ್ನೆಟ್‌ನಲ್ಲಿರೋ ಟೈಮ್ ಸರ್ವರ್‌ಗಳು ಕೊಡೋದು ಯುಟಿಸಿ ಮಾತ್ರ, ನೀವು ಎಲ್ಲಿದೀರ ಅನ್ನೋದು ಅದಕ್ಕೆ ಬೇಕಾಗೂ ಇಲ್ಲ.

ಅಂಥ ಕಡೆ ಲೊಕೇಶನ್ ಆನ್ ಮಾಡೋದೇ ದಾರಿ. ಐಫೋನ್‌ನಲ್ಲಿ Settings > Privacy & Security > Location Services > System Services ತನಕ ಇಳಿದ್ರೆ Setting Time Zone ಅಂತ ಒಂದು ಸ್ವಿಚ್ ಸಿಗತ್ತೆ, ಬ್ಯಾಟರಿ ಉಳಿಸೋಕೆ ಅಂತ ಯಾರೋ ಹೇಳಿದ್ದು ಕೇಳಿ ಇದನ್ನ ಆಫ್ ಮಾಡ್ಕೊಂಡಿರೋರು ಬಹಳ. ಆಂಡ್ರಾಯ್ಡ್‌ನ ಹೊಸ ಆವೃತ್ತಿಗಳಲ್ಲಿ ಲೊಕೇಶನ್ ನೋಡಿ ಝೋನ್ ಹಾಕೋ ಸ್ವಿಚ್ ಆ ಡೇಟ್ ಅಂಡ್ ಟೈಮ್ ಪುಟದಲ್ಲೇ ಇರತ್ತೆ.

ಸ್ವಿಚ್ಚೇ ಮಸುಕಾಗಿ, ಒತ್ತಿದ್ರೂ ಏನೂ ಆಗದೇ ಇದ್ರೆ ಹಾಳಾಗಿದೆ ಅಂತಲ್ಲ. ಐಫೋನ್‌ನಲ್ಲಿ ಸ್ಕ್ರೀನ್ ಟೈಮ್ ಪಾಸ್‌ಕೋಡ್ ಹಾಕಿದ್ರೆ ಹೀಗಾಗ್ಬೋದು, ಆಫೀಸಿನವರು ಕೊಟ್ಟ ಫೋನ್ ಆದ್ರೆ ಅವರೇ ಬೀಗ ಹಾಕಿರ್ಬೋದು.

4. ಸರಿಯಾದ ಝೋನ್ ವಾಚ್ ತನಕ ತಲುಪಿಸಿ

ಇಲ್ಲಿ ವಾಚ್ ಯಾವ ಜಾತಿದು ಅನ್ನೋದರ ಮೇಲೆ ಕೆಲಸ ಬೇರೆ.

ಆಪಲ್ ವಾಚ್: ಇದರಲ್ಲಿ ಕೈಯಲ್ಲಿ ಝೋನ್ ಹಾಕೋ ಜಾಗ ಹುಡುಕಿ ಸುಸ್ತಾಗ್ಬೇಡಿ, ಅದು ಐಫೋನ್ ಹೇಳಿದಂಗೆ ಕೇಳತ್ತೆ. ಸಂಪರ್ಕ ಇದ್ಯಾ ನೋಡ್ಕೊಂಡ್ರೆ ಸಾಕು. ಹೆಚ್ಚಿನವರು ಎಡವೋದು ಏರ್‌ಪ್ಲೇನ್ ಮೋಡ್‌ನಲ್ಲಿ. ಫೋನಲ್ಲಿ ಹಾಕಿದ್ರೆ ವಾಚಿಗೂ ತಾನಾಗೇ ಬೀಳೋ ಹಾಗೆ ಸೆಟ್ ಮಾಡ್ಕೊಂಡಿದ್ರೂ, ತೆಗೆಯುವಾಗ ಎರಡರಲ್ಲೂ ಬೇರೆ ಬೇರೆಯಾಗೇ ತೆಗೀಬೇಕು. ಫೋನಲ್ಲಿ ತೆಗೆದಾಯ್ತಲ್ಲ ಅಂತ ಸುಮ್ಮನಿರ್ತಾರೆ, ವಾಚಿನ ಮೇಲೆ ವಿಮಾನದ ಗುರುತು ಹಾಗೇ ಕೂತಿರತ್ತೆ.

ಗೂಗಲ್‌ನ ವೇರ್ ಓಎಸ್ ಇರೋ ವಾಚುಗಳು: ವಾಚಿನ ಸೆಟ್ಟಿಂಗ್ಸ್‌ನಲ್ಲೇ ಡೇಟ್ ಅಂಡ್ ಟೈಮ್ ಇರತ್ತೆ, ಅಲ್ಲೂ ಟೈಮ್ ಮತ್ತು ಝೋನ್ ಎರಡೂ ಆಟೋಮ್ಯಾಟಿಕ್ ಇದ್ಯಾ ನೋಡಿ. ಇದ್ದೂ ಬದಲಾಗಿಲ್ಲ ಅಂದ್ರೆ ಒಂದ್ಸಲ ಆಫ್ ಮಾಡಿ ಆನ್ ಮಾಡಿ, ಆಗ ಫೋನನ್ನ ಮತ್ತೆ ಕೇಳತ್ತೆ.

ಜಿಪಿಎಸ್ ಇರೋ ಸ್ಪೋರ್ಟ್ಸ್ ವಾಚುಗಳು, ಉದಾಹರಣೆಗೆ ಗಾರ್ಮಿನ್: ಇವು ಫೋನ್ ಇಲ್ಲದೇನೂ ಸರಿ ಹೋಗತ್ತೆ. ಸ್ಯಾಟಲೈಟ್‌ನಿಂದ ಟೈಮು, ಜಾಗ ಎರಡೂ ಸಿಗೋದ್ರಿಂದ ಝೋನ್ ತಾನೇ ಲೆಕ್ಕ ಹಾಕ್ಕೊಳ್ಳತ್ತೆ. ಆದ್ರೆ ಹೋಟೆಲ್ ರೂಮಿನೊಳಗೆ ಕೂತು ಕಾದ್ರೆ ಆಗಲ್ಲ, ಆಕಾಶ ಕಾಣೋ ಕಡೆ ಹೋಗಿ ವಾಕ್ ಅಥವಾ ರನ್ ಆಯ್ಕೆ ತೆಗೆದು ಜಿಪಿಎಸ್ ಸಿಕ್ತು ಅಂತ ತೋರ್ಸೋ ತನಕ ನಿಲ್ಲಿ, ಆಮೇಲೆ ರೆಕಾರ್ಡ್ ಮಾಡದೇ ವಾಪಸ್ ಬಂದ್ರೂ ಪರವಾಗಿಲ್ಲ. ವಾಚಿನ ಸಿಸ್ಟಂ ಮೆನುವಿನ ಟೈಮ್ ಭಾಗದಲ್ಲಿ ಮ್ಯಾನ್ಯುಯಲ್ ಅಂತ ಇದ್ರೆ ಮಾತ್ರ ಮೊದಲು ಅದನ್ನ ಆಟೋ ಮಾಡಿ.

ಸಣ್ಣ ಫಿಟ್‌ನೆಸ್ ಬ್ಯಾಂಡುಗಳು, ಅಗ್ಗದ ವಾಚುಗಳು: ಇವುಗಳಲ್ಲಿ ಹೆಚ್ಚಿನದಕ್ಕೆ ಟೈಮ್ ಸೆಟ್ ಮಾಡೋ ಮೆನುನೇ ಇರಲ್ಲ. ಫೋನಲ್ಲಿರೋ ಆಪ್ ಸಿಂಕ್ ಆದಾಗ ಟೈಮ್ ತಳ್ಳತ್ತೆ, ಅಲ್ಲಿವರೆಗೂ ಹಳೇದೇ. ಬ್ಯಾಟರಿ ಸೇವರ್ ಆನ್ ಇದ್ರೆ ಫೋನು ಆ ಆಪನ್ನ ಹಿಂದಿನಿಂದ ಸಾಯಿಸ್ತಾ ಇರತ್ತೆ, ಹಾಗಾಗಿ ಆಪ್ ತೆರೆದು ಮುಖ್ಯ ಪುಟನ ಕೆಳಗೆಳೆದು ಬಿಡಿ, ಸಿಂಕ್ ಮುಗಿಯೋ ತನಕ ಆಪ್ ಮುಚ್ಬೇಡಿ. ಫಿಟ್‌ಬಿಟ್ ಥರದ ಕೆಲವಕ್ಕೆ ಆಪ್ ಒಳಗೇ ಬೇರೆ ಝೋನ್ ಸೆಟ್ಟಿಂಗ್ ಇರತ್ತೆ, ಫೋನ್ ಸರಿ ಇದ್ದೂ ವಾಚ್ ಹಟ ಹಿಡಿದಿದ್ರೆ ಅಲ್ಲಿ ನೋಡಿ, ಬದಲಾಯಿಸಿದ್ಮೇಲೆ ಸಿಂಕ್ ಮಾಡೋದು ಮರೀಬೇಡಿ.

ಇದ್ಯಾವುದಕ್ಕೂ ಬಗ್ಗದಿದ್ರೆ ಎರಡನ್ನೂ ರೀಸ್ಟಾರ್ಟ್ ಮಾಡಿ, ಫೋನ್ ಮೊದಲು, ವಾಚ್ ಆಮೇಲೆ. ಫ್ಯಾಕ್ಟರಿ ರೀಸೆಟ್‌ಗೆ ಮಾತ್ರ ಕೈ ಹಾಕ್ಬೇಡಿ. ಫೋನಲ್ಲಿ ಝೋನ್ ತಪ್ಪಿದ್ರೆ ರೀಸೆಟ್ ಆದ ವಾಚೂ ಅದೇ ತಪ್ಪು ಝೋನನ್ನೇ ತಗೊಂಡು ಬರತ್ತೆ, ಸಿಂಕ್ ಆಗದೇ ಇದ್ದ ದಾಖಲೆ ಹೋಗಿದ್ದೇ ಬಂತು.

ಇನ್ನೊಂದು ಸಣ್ಣ ವಿಷಯ, ಡಯಲ್‌ನಲ್ಲಿ ಎರಡು ಊರಿನ ಟೈಮ್ ತೋರಿಸೋ ಡಿಸೈನ್ ಹಾಕ್ಕೊಂಡು ದೊಡ್ಡದಾಗಿ ಕಾಣೋದು ಯಾವ ಊರಿಂದು ಅಂತ ಮರೆತಿರೋರೂ ಇದಾರೆ. ಮಾಮೂಲಿ ಡಯಲ್ ಹಾಕಿ ನೋಡಿದ್ರೆ ಗೊತ್ತಾಗತ್ತೆ.

5. ಮ್ಯಾನ್ಯುಯಲ್ ಯಾವಾಗ, ಹೇಗೆ

ನನ್ನ ಪ್ರಕಾರ ಸುಮಾರು ಜನಕ್ಕೆ ಆಟೋಮ್ಯಾಟಿಕ್ಕೇ ಸರಿ. ಆದ್ರೂ ಎರಡು ಕಡೆ ಅದು ಕೈ ಕೊಡತ್ತೆ. ಒಂದು, ಝೋನ್ ಗಡಿಯ ಊರುಗಳು. ನೀವು ಗೆರೆ ಈಚೆ ಇದ್ರೂ ಫೋನ್ ಆಚೆ ಕಡೆ ಟವರ್ ಹಿಡಿದು ಒಂದು ಗಂಟೆ ಹಾರತ್ತೆ, ಆಮೇಲೆ ವಾಪಸ್ ಬರತ್ತೆ, ಬೆಳಗ್ಗೆ 6ರ ಅಲಾರಂ 5ಕ್ಕೋ 7ಕ್ಕೋ ಹೊಡಿಯತ್ತೆ. ಇನ್ನೊಂದು, ಕ್ರೂಸ್ ಹಡಗು. ಹಡಗಿನಲ್ಲಿ ಊಟ, ತಿರುಗಾಟ ಎಲ್ಲ ನಡಿಯೋದು ಹಡಗಿನವರು ಘೋಷಿಸೋ ಟೈಮಿಗೆ, ಫೋನು ಮಾತ್ರ ದಡದ ಟವರ್ ಕಂಡಾಗ ಆ ದೇಶದ ಟೈಮಿಗೆ ಹಾರ್ಬೋದು, ಎರಡೂ ಒಂದೇ ಆಗಿರ್ಬೇಕು ಅಂತೇನಿಲ್ಲ. ವಾಚ್ ನಂಬಿ ದಡದಲ್ಲಿ ಒಂದು ಗಂಟೆ ಜಾಸ್ತಿ ಉಳಿದ್ರೆ ಹಡಗು ಕಾಯಲ್ಲ.

ಈ ಎರಡು ಕಡೆ ಫೋನಲ್ಲಿ ಆಟೋಮ್ಯಾಟಿಕ್ ಝೋನ್ ಆಫ್ ಮಾಡಿ ಊರಿನ ಹೆಸರು ಆರಿಸಿ. ಆಂಡ್ರಾಯ್ಡ್‌ನಲ್ಲಿ ಟೈಮ್ ಸ್ವಿಚ್ ಆನ್ ಆಗೇ ಇರ್ಲಿ, ಝೋನ್ ಒಂದನ್ನೇ ಆಫ್ ಮಾಡಿ. ಐಫೋನ್‌ನಲ್ಲಿ ಒಂದೇ ಸ್ವಿಚ್ ಇರೋದ್ರಿಂದ ಅದನ್ನ ಆಫ್ ಮಾಡಿ, Time Zone ಮೇಲೆ ಒತ್ತಿ ಊರು ಹುಡುಕಿ, ಕೆಳಗೆ ಕಾಣೋ ತಾರೀಖು ಗಂಟೆಗಳನ್ನ ಮುಟ್ಟದೇ ಹೊರಗೆ ಬನ್ನಿ. ಪಟ್ಟಿಯಲ್ಲಿ ಬರೀ ಜಿಎಂಟಿ ಜೊತೆ ಸಂಖ್ಯೆ ಇರೋ ಆಯ್ಕೆ ಕಂಡ್ರೂ ಅದನ್ನ ತಗೋಬೇಡಿ, ಊರಿನ ಹೆಸರಿನ ಜೊತೆ ಅಲ್ಲಿನ ಡೇಲೈಟ್ ಸೇವಿಂಗ್ ನಿಯಮನೂ ಬರತ್ತೆ, ಬರೀ ಸಂಖ್ಯೆಗೆ ಬರಲ್ಲ.

ಮ್ಯಾನ್ಯುಯಲ್ ಮಾಡಿದ ಕೂಡ್ಲೇ ವಾಪಸ್ ಹೋಗೋ ದಿನಕ್ಕೆ "ಝೋನ್ ಆಟೋ ಮಾಡು" ಅಂತ ಒಂದು ರಿಮೈಂಡರ್ ಹಾಕ್ಕೊಳ್ಳಿ. ಇದು ಮರೆತು ವಾಪಸ್ ಬಂದು ಮತ್ತೆ "ವಾಚ್ ತಪ್ಪು ತೋರಿಸ್ತಿದೆ" ಅಂತ ಕೇಳೋರು ಕಮ್ಮಿ ಏನಿಲ್ಲ.

6. ಸರಿ ಹೋಯ್ತಾ ಅಂತ ಪರೀಕ್ಷೆ

ಈಗ ಟೈಮು, ತಾರೀಖು, ವಾರ, ಝೋನ್ ಹೆಸರು ನಾಲ್ಕೂ ನೋಡಿ. ಆಮೇಲೆ ವರ್ಲ್ಡ್ ಕ್ಲಾಕ್‌ನಲ್ಲಿ ನಿಮ್ಮ ಮನೆ ಊರು ಹಾಕಿ, ಮನೆಯವರಿಗೆ ಮೆಸೇಜ್ ಮಾಡಿ ಅಲ್ಲಿ ಎಷ್ಟು ಗಂಟೆ ಅಂತ ಕೇಳಿ. ಎರಡೂ ಒಂದೇ ಬಂದ್ರೆ ಒಳಗಿನ ಯುಟಿಸಿ ಸರಿ ಇದೆ ಅಂತ ಧೈರ್ಯವಾಗಿರ್ಬೋದು. ಇಲ್ಲಿ ಸರಿ ಕಂಡು ಮನೆ ಊರಿಂದು ತಪ್ಪು ಬಂದ್ರೆ ಕೈಯಲ್ಲಿ ತಿರುಗಿಸಿದ ತಪ್ಪು ಇನ್ನೂ ಒಳಗೇ ಇದೆ, 3ಕ್ಕೆ ವಾಪಸ್ ಹೋಗಿ.

ಎಲ್ಲ ಸರಿಯಾದ ಮೇಲೂ ವಿಚಿತ್ರ ಅನ್ಸೋ ಒಂದೆರಡು ವಿಷಯ ಉಳಿಯತ್ತೆ, ಅವು ದೋಷ ಅಲ್ಲ. ಆ ಹೊನೊಲುಲು ಪ್ರಯಾಣಿಕರಿಗೆ 10ನೇ ತಾರೀಖು ಒಟ್ಟು 43 ಗಂಟೆ ಇತ್ತು, ಹಾಗಾಗಿ ಆ ದಿನದ ಹೆಜ್ಜೆ ಲೆಕ್ಕ, ನಿದ್ದೆ ಲೆಕ್ಕ ಸೊಟ್ಟಗೇ ಇರತ್ತೆ, ಅದನ್ನ ಸರಿ ಮಾಡೋಕೆ ಅಂತ ಮತ್ತೆ ಟೈಮ್ ತಿರುಗಿಸ್ಬೇಡಿ. ಕ್ಯಾಲೆಂಡರ್‌ನಲ್ಲಿ ಮನೇಲಿ ಕೂತು ಬೆಳಗ್ಗೆ 10ಕ್ಕೆ ಅಂತ ಹಾಕಿದ್ದ ಮೀಟಿಂಗು ಇಲ್ಲಿ ಬೇರೆ ಗಂಟೆಗೆ ಕಾಣ್ಬೋದು, ಅದು ಮನೆ ಝೋನಿನ 10 ಅಂತ ಬರೆದಿಟ್ಕೊಂಡಿರೋದ್ರಿಂದ. ಅಲಾರಂ ಮಾತ್ರ ಸಾಮಾನ್ಯವಾಗಿ ಹೊಸ ಊರಿನ ಟೈಮಿಗೇ ಹೊಡಿಯತ್ತೆ. ಇಷ್ಟು ಗಂಟೆಗೊಂದ್ಸಲ ಅಂತ ಮಾತ್ರೆ ತಗೊಳ್ಳೋರು ಆ ಅಲಾರಂ ನಂಬ್ಬೇಡಿ, ಝೋನ್ ಹಾರಿದಾಗ ಎರಡು ಮಾತ್ರೆ ನಡುವಿನ ಅಂತರನೇ ಬದಲಾಗೋಗತ್ತೆ, ಹೊರಡೋಕೆ ಮುಂಚೆ ಡಾಕ್ಟರ್ ಹತ್ರ ಕೇಳ್ಕೊಳ್ಳಿ.

ಎಲ್ಲ ಮಾಡಿದ್ರೂ ಒಂದು ಗಂಟೆ ತಪ್ಪೇ ಇದ್ರೆ

ಆಗ ಸೆಟ್ಟಿಂಗ್‌ಗಿಂತ ಹೆಚ್ಚಾಗಿ ನಿಮ್ಮ ಸಾಧನದ ವಯಸ್ಸಿನ ಮೇಲೆ ಅನುಮಾನ ಪಡಿ. ಯಾವ ಊರಿಗೆ ಎಷ್ಟು ಗಂಟೆ ಅನ್ನೋ ಪಟ್ಟಿ ಸಾಫ್ಟ್‌ವೇರ್ ಒಳಗೇ ಇರತ್ತೆ, ಸರ್ಕಾರಗಳು ನಿಯಮ ಬದಲಾಯಿಸ್ದಾಗ ಅಪ್‌ಡೇಟ್ ಬಂದ್ರೇನೇ ಪಟ್ಟಿ ಬದಲಾಗೋದು. ಮೆಕ್ಸಿಕೋ 2022ರ ಅಕ್ಟೋಬರ್‌ನಲ್ಲಿ ದೇಶದ ಹೆಚ್ಚಿನ ಭಾಗದಲ್ಲಿ ಡೇಲೈಟ್ ಸೇವಿಂಗ್ ನಿಲ್ಲಿಸ್ತು, ಕಝಾಕಸ್ತಾನ 2024ರ ಮಾರ್ಚ್ 1ರಿಂದ ಇಡೀ ದೇಶಕ್ಕೆ ಯುಟಿಸಿಗಿಂತ 5 ಗಂಟೆ ಮುಂದೆ ಅಂತ ಒಂದೇ ಝೋನ್ ಮಾಡ್ತು. ಅಪ್‌ಡೇಟ್ ನಿಂತೋಗಿರೋ ಹಳೇ ಫೋನಿಗೆ, ವಾಚಿಗೆ ಈ ಸುದ್ದಿ ಮುಟ್ಟೇ ಇರಲ್ಲ, ಮೆಕ್ಸಿಕೋ ಸಿಟಿಗೆ ಹೋದ್ರೆ ಬೇಸಿಗೆ ತಿಂಗಳಲ್ಲಿ ಒಂದು ಗಂಟೆ ಮುಂದೆ, ಅಲ್ಮಾಟಿಗೆ ಹೋದ್ರೆ ವರ್ಷ ಪೂರ್ತಿ ಒಂದು ಗಂಟೆ ಮುಂದೆ ತೋರಿಸತ್ತೆ. ಮೊದಲು ಅಪ್‌ಡೇಟ್ ಇದ್ಯಾ ನೋಡಿ. ಇಲ್ಲ ಅಂದ್ರೆ ಝೋನ್ ಮ್ಯಾನ್ಯುಯಲ್ ಮಾಡಿ, ಅದೇ ಟೈಮ್ ಇದ್ದು ಡೇಲೈಟ್ ಸೇವಿಂಗ್ ಇಲ್ಲದ ಇನ್ನೊಂದು ಊರು ಆರಿಸ್ಕೊಳ್ಳಿ: ಮೆಕ್ಸಿಕೋ ಸಿಟಿ ಬದಲು ಗ್ವಾಟೆಮಾಲಾ, ಅಲ್ಮಾಟಿ ಬದಲು ತಾಷ್ಕೆಂಟ್. ಗಂಟೆನೂ ಸರಿ ಬರತ್ತೆ, ಒಳಗಿನ ಯುಟಿಸಿನೂ ಕೆಡಲ್ಲ.

ಹಳೇ ಜಿಪಿಎಸ್ ವಾಚೊಂದು ಸುಮಾರು 20 ವರ್ಷ ಹಿಂದಿನ ತಾರೀಖು ತೋರಿಸಿದ್ರೆ ಅದು ಝೋನೂ ಅಲ್ಲ, ಪ್ರಯಾಣದಿಂದ ಆಗಿದ್ದೂ ಅಲ್ಲ. ಜಿಪಿಎಸ್ ಮೊದಲಿಂದ ಕಳಿಸ್ತಾ ಬಂದಿರೋ ಸಿಗ್ನಲ್‌ನಲ್ಲಿ ವಾರಗಳ ಎಣಿಕೆ 1024 ಆದ್ಮೇಲೆ ಸೊನ್ನೆಗೆ ಬರತ್ತೆ, ಕೊನೇ ಸಲ ಹಾಗಾಗಿದ್ದು 2019ರ ಏಪ್ರಿಲ್‌ನಲ್ಲಿ. ಫರ್ಮ್‌ವೇರ್ ಅಪ್‌ಡೇಟ್, ಅಂದ್ರೆ ವಾಚ್ ಒಳಗಿನ ಮೂಲ ಸಾಫ್ಟ್‌ವೇರ್‌ನ ಹೊಸದು ಮಾಡೋದು, ಸಿಕ್ಕಿದ್ರೆ ಹಾಕಿ. ಸಿಗದಿದ್ರೆ ಸೆಟ್ಟಿಂಗ್ಸ್‌ನಲ್ಲಿ ಟೈಮನ್ನ ಮ್ಯಾನ್ಯುಯಲ್ ಮಾಡೋಕೆ ಬಿಡತ್ತಾ ನೋಡಿ, ಬಿಟ್ರೂ ಪ್ರತಿ ಸಲ ಜಿಪಿಎಸ್ ಹಿಡಿದಾಗ ಓಟದ ದಾಖಲೆಗಳಿಗೆ ಹಳೇ ಇಸವಿನೇ ಬೀಳೋ ಸಾಧ್ಯತೆ ಇರತ್ತೆ.